ಸೀತಾರಾಮರಿಗೆ ಅನ್ನ ಹಾಕಿದವರು

ಅಯ್ಯೋ, ನಿನ್ನೆ ಕಾರು ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಬೇಡಿ ವಿಮಲಮ್ಮ! ಡ್ರೈವರಿಗೆ ಅಡ್ರೆಸ್ ಬರೆದು ಕೊಟ್ಟಿದ್ದೆ, ಬೆಸೆಂಟ್ ನಗರ, ಚರ್ಚಿನ ಹಿಂದುಗಡೆ ರಸ್ತೆ, ಎರಡನೇ ಮಹಡಿ... ಅವನು ಏನು ಮಾಡಿಕೊಂಡನೋ. ಫೋನಾ? ಮಾಡಿದ್ದಿರಾ? ನನ್ನ ಮೊಬೈಲು ಆಫ್ ಆಗಿತ್ತು. ಸಮಾರಂಭದಲ್ಲಿ ಎಲ್ಲರೂ ಆಫ್ ಮಾಡಿ ಅಂದರು, ಮಾಡಿದೆ. ಇರಲಿ ಬಿಡಿ. ನೀವು ಬರದೇ ಇದ್ದದ್ದೇ ಒಳ್ಳೇದಾಯ್ತು. ನಾಲ್ಕು ಭಾಷಣ, ನಾಲ್ಕೂ ಒಂದೇ. ಫ್ಯಾನು ಬೇರೆ ಕೈಕೊಟ್ಟಿತ್ತು.

ಇಗೋ, ಪುಸ್ತಕ. ನಿಮಗೇ ಅಂತ ಮೊದಲನೇ ಪ್ರತಿ. ಸರಿ, ಮೊದಲನೇದಲ್ಲ, ಮೊದಲನೇದು ಅಧ್ಯಕ್ಷರು ಇಟ್ಟುಕೊಂಡರು. 'ಕೂಡ್ಲೂರು ಸೀತಾರಾಮರ ಮದರಾಸಿನ ದಿನಗಳು', ಕೆಳಗೆ ನೋಡಿ, 'ಶಿವರಾಮು' ಅಂತ. ಎಷ್ಟು ದಪ್ಪ ಅಕ್ಷರ! ಸೀತಾರಾಮರಿಗಿಂತ ನಾನೇ ದೊಡ್ಡವನಾಗಿ ಕಾಣ್ತೀನಿ. ಯಾಕೆ ನಗ್ತೀರಿ? ನಗಿ ನಗಿ. ಅಂಬತ್ತೂರಿನ ಫ್ಯಾಕ್ಟರೀಲಿ ಮೂವತ್ತು ವರ್ಷ ಬೋಲ್ಟು ಅಳೆದವನು ತತ್ತ್ವಜ್ಞಾನಿಯ ಚರಿತ್ರೆ ಬರೆದ ಅಂದರೆ ನಗು ಬರದೇ ಇನ್ನೇನು ಬರುತ್ತೆ? ಶಾಲು ಹೊದಿಸಿದರು, ಅದು ಅರ್ಧಕ್ಕೇ ಜಾರಿ ಮೈಕಿಗೆ ಸಿಕ್ಕಿಕೊಂಡಿತು. ನಾನು ನಮಸ್ಕಾರ ಮಾಡ್ತಾ ಇದ್ದೀನಿ, ಮೈಕು ನನ್ನ ಜೊತೆಗೇ ನಮಸ್ಕಾರ ಮಾಡ್ತಾ ಇದೆ!

ಇಲ್ಲ ಇಲ್ಲ, ಈಗಲೇ ತೆಗೀಬೇಡಿ. ಪಕ್ಕಕ್ಕಿಡಿ. ನಿಧಾನಕ್ಕೆ ನೋಡೋರಂತೆ. ನಿಮ್ಮ ಕಣ್ಣಿಗೆ ಆ ಸಣ್ಣ ಅಕ್ಷರ ಎಲ್ಲಿ ಕಾಣುತ್ತೆ? ನಾನೇ ಹೇಳ್ತೀನಿ, ಕೇಳಿ. ಬರೆದವನೇ ಬಾಯಲ್ಲಿ ಹೇಳುವಾಗ ಪುಸ್ತಕ ಯಾಕೆ?

ವೀಕ್ಷಾ ಪುಟ್ಟಿ, ಕಾಫಿ ಕೊಂಜಮಾ ಪೋದುಂ ಮಾ, ಸ್ವಲ್ಪ ಸಾಕು. ಸಕ್ಕರೆ ಬೇಡ.

ನಿಮ್ಮ ಮೊಮ್ಮಗಳು ಕನ್ನಡ ಓದ್ತಾಳಾ? ಇಲ್ವಾ? ಮಾತು ಅರ್ಥ ಆಗುತ್ತೆ, ಓದಕ್ಕೆ ಬರಲ್ಲ... ಹೌದು ಹೌದು, ಇಲ್ಲಿನ ಮಕ್ಕಳೆಲ್ಲ ಹಾಗೇ. ನಿಮ್ಮ ಮಗ ಸಂದೇಶ್ ಅವರಿಗೂ ಹೋಟೆಲಿನ ಕೆಲಸ, ಪುಸ್ತಕ ಹಿಡಿಯಕ್ಕೆ ಪುರುಸೊತ್ತೆಲ್ಲಿ? ಸುಮ್ಮನೆ ಕೇಳಿದೆ ಅಷ್ಟೆ.

ಎಲ್ಲಿಂದ ಶುರು ಮಾಡಲಿ? ಮೊದಲು ನನಗೆ ಈ ಕೆಲಸ ಕೊಟ್ಟದ್ದೇ ಒಂದು ತಮಾಷೆ. ನಮ್ಮ ಕನ್ನಡ ಸಂಘದಲ್ಲಿ ಸೀತಾರಾಮರ ಶತಮಾನೋತ್ಸವ ಅಂತ ಸಭೆ ಸೇರಿದರು. ಅಷ್ಟು ದೊಡ್ಡ ಚಿಂತಕ, ವಿಲಾಯಿತಿಯವರೂ ಓದಿದ್ದಾರೆ, ಆದರೆ ಮದರಾಸಿನಲ್ಲಿ ಹುಡುಗನಾಗಿದ್ದಾಗ ಅವರಿಗೆ ಪಾಠ ಹೇಳಿದವರು ಯಾರು, ಅನ್ನ ಹಾಕಿದವರು ಯಾರು, ಸ್ನೇಹಿತರು ಯಾರು, ಇದನ್ನು ಯಾರಾದರೂ ಬರೀಬೇಕು ಅಂದರು. ಎಲ್ಲರೂ ನೆಲ ನೋಡಿದರು. ನಾನು ಆಗ ತಾನೆ ಬೋಂಡಾ ಬಾಯಿಗೆ ಹಾಕಿಕೊಂಡಿದ್ದೆ, ಬೇಡ ಅನ್ನಕ್ಕೆ ಬಾಯಿ ಖಾಲಿ ಇರಲಿಲ್ಲ. 'ಶಿವರಾಮು ಒಪ್ಪಿದರು' ಅಂತ ಬರೆದುಕೊಂಡೇ ಬಿಟ್ಟರು!

ಸುಲಭದ ಕೆಲಸ ಅಂದುಕೊಂಡೆ. ಐದು ಪುಸ್ತಕ ಇದ್ದವು, ಐದರಲ್ಲೂ ಒಂದೇ ಕಥೆ: ಗುರು ಅಂದರೆ ಇಂಗ್ಲೆಂಡಿನ ಆ ದೊಡ್ಡ ಪ್ರೊಫೆಸರು, ಪೋಷಕರು ಅಂದರೆ ಆ ಜಮೀನುದಾರರು. ಐದು ಜನ ಹೇಳಿದ ಮೇಲೆ ಇನ್ನೇನು? ನಕಲು ಮಾಡಿ ಕೊಟ್ಟುಬಿಡೋಣ ಅಂತ ಕೂತೆ. ಕೂತರೆ ಒಂದು ತಪ್ಪು ಕಣ್ಣಿಗೆ ಬಿತ್ತು. ಊರಿನ ಹೆಸರು ಒಂದು ಪುಸ್ತಕದಲ್ಲಿ ತಪ್ಪಾಗಿ ಅಚ್ಚಾಗಿದೆ, ಐದರಲ್ಲೂ ಅದೇ ತಪ್ಪು! ಸ್ಕೂಲಲ್ಲಿ ನಾವು ಸಿಕ್ಕಿಬೀಳ್ತಿದ್ದದ್ದು ಹಾಗೇ ಅಲ್ವಾ? ಸರಿ ಉತ್ತರ ಇಬ್ಬರೂ ಬರೀಬಹುದು, ಒಂದೇ ತಪ್ಪು ಉತ್ತರ ಬರೆದರೆ ಒಬ್ಬ ಇನ್ನೊಬ್ಬನದ್ದು ನೋಡಿದ್ದಾನೆ ಅಂತಲೇ. ಹಿಂದೆ ಹಿಂದೆ ಹೋದರೆ ಎಲ್ಲ ಬಂದು ನಿಂತದ್ದು ಐವತ್ತರ ದಶಕದ ಒಂದು ಅಭಿನಂದನ ಗ್ರಂಥದಲ್ಲಿ. ಅದರಲ್ಲಿ ಒಬ್ಬ ಶಿಷ್ಯ ಬರೆದ ಲೇಖನ. ಅವನೋ ಮದರಾಸು ನೋಡಿದವನೇ ಅಲ್ಲ. ಅಂದರೆ ಐದು ಸಾಕ್ಷಿ ಅಲ್ಲ ವಿಮಲಮ್ಮ, ಒಂದೇ ಸಾಕ್ಷಿ ಐದು ಸಲ ಕೆಮ್ಮಿದ್ದು.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಕನ್ನಿಮರಾ ಲೈಬ್ರರಿಗೆ ಹೋದೆ. ಹಳೇ ಯೂನಿವರ್ಸಿಟಿ ಕ್ಯಾಲೆಂಡರು ಅಂತ ಇರುತ್ತೆ, ತಾರೀಖಿನ ಕ್ಯಾಲೆಂಡರಲ್ಲ, ಆ ವರ್ಷ ಯಾವ ಕಾಲೇಜಲ್ಲಿ ಯಾರು ಪಾಠ ಹೇಳಿದರು, ಯಾರು ಪಾಸಾದರು, ಎಲ್ಲ ಅಚ್ಚು ಮಾಡಿರ್ತಾರೆ. ಸೀತಾರಾಮರು ಆನರ್ಸ್ ಓದಿದ್ದು ಇಪ್ಪತ್ತೆಂಟರಿಂದ ಮೂವತ್ತೊಂದು. ಆ ದೊಡ್ಡ ಪ್ರೊಫೆಸರು? ರಜೆ ಮೇಲೆ ಇಂಗ್ಲೆಂಡಿನಲ್ಲಿ! ಅವರ ಜಾಗದಲ್ಲಿ ತರಗತಿ ನಡೆಸಿದ್ದು ಮಂಜುನಾಥ ರಾವ್ ಅಂತ ಒಬ್ಬ ಅಸಿಸ್ಟೆಂಟ್ ಲೆಕ್ಚರರು. ಪಾಪ, ಒಂದು ಪುಸ್ತಕವನ್ನೂ ಬರೆಯದ ಮನುಷ್ಯ. ಹಾಗಾದರೆ ಪ್ರೊಫೆಸರ ಹೆಸರು ಎಲ್ಲಿಂದ ಬಂತು? ಸೀತಾರಾಮರ ಮೊದಲ ಪುಸ್ತಕಕ್ಕೆ ಮೂವತ್ತೆಂಟರಲ್ಲಿ ಅವರು ಮುನ್ನುಡಿ ಬರೆದರಲ್ಲ, ಅದರಿಂದ. ಮುನ್ನುಡಿ ಬರೆದವರನ್ನೆಲ್ಲ ಗುರು ಮಾಡಿದರೆ ನನ್ನ ಗುರು ಯಾರಾಗಬೇಕು ಗೊತ್ತಾ? ಸಂಘದ ಖಜಾಂಚಿ!

ಜಮೀನುದಾರರ ಕಥೆ ಇನ್ನೂ ಚೆಂದ. ಬಡ ವಿದ್ಯಾರ್ಥಿಯ ಬೆನ್ನು ತಟ್ಟಿ, 'ಓದಪ್ಪ, ನಾನಿದ್ದೇನೆ' ಅಂದರು ಅಂತ ಐದೂ ಪುಸ್ತಕದಲ್ಲಿದೆ. ನಾನು ಅವರು ಹುಟ್ಟಿದ ವರ್ಷ ಹುಡುಕಿದೆ. ಬೆನ್ನು ತಟ್ಟಿದಾಗ ಅವರಿಗೆ ಹನ್ನೊಂದು ವರ್ಷ! ಸ್ಟೂಲ್ ಹಾಕಿಕೊಂಡು ತಟ್ಟಿರಬೇಕು. ಅಪ್ಪ ತೀರಿಕೊಂಡು, ವಾರಸುದಾರ ಮೈನರು ಅಂತ ಆಸ್ತಿಯೆಲ್ಲ ಆಗ ಕೋರ್ಟ್ ಆಫ್ ವಾರ್ಡ್ಸ್ ಕೈಯಲ್ಲಿ, ಅಂದರೆ ಸರ್ಕಾರದವರೇ ನೋಡಿಕೊಳ್ತಿದ್ದರು. ಆ ಹುಡುಗನಿಗೆ ಬುಗುರಿ ಬೇಕಾದರೂ ಮ್ಯಾನೇಜರನ್ನ ಕೇಳಬೇಕಿತ್ತು. ಅವರು ನಿಜವಾಗಿ ಕೊಟ್ಟದ್ದು ಹತ್ತು ವರ್ಷ ಆದಮೇಲೆ, ಅದೇ ಪುಸ್ತಕದ ಅಚ್ಚಿನ ಖರ್ಚು. ಕೊಟ್ಟದ್ದು ಸುಳ್ಳಲ್ಲ. ಆದರೆ ಬರೆಯೋರು ಅದನ್ನ ಹತ್ತು ವರ್ಷ ಹಿಂದಕ್ಕೆ ತಳ್ಳಿಬಿಟ್ಟರು. ದೊಡ್ಡವನಾದ ಮೇಲೆ ಬಂದ ನೆಂಟರನ್ನೆಲ್ಲ ತೊಟ್ಟಿಲ ಹತ್ತಿರ ನಿಲ್ಲಿಸೋದು, ಅಷ್ಟೆ.

ಸಂಘದಲ್ಲಿ ಸುದ್ದಿ ಹಬ್ಬಿತು ನೋಡಿ, ಶಿವರಾಮು ಪೋಷಕರನ್ನ ಹುಡುಕ್ತಿದ್ದಾನೆ ಅಂತ. ಆಹಾ! ನಮ್ಮ ಮಾಧವರಂ ಮನೆಗೆ ಜನ ಬಂದರು ಬಂದರು... ಎಲ್ಲರ ತಾತನೂ ಸೀತಾರಾಮರಿಗೆ ಅನ್ನ ಹಾಕಿದವನೇ! ಆ ಪುಣ್ಯಾತ್ಮ ದಿನಕ್ಕೆ ಎಷ್ಟು ಸಲ ಉಣ್ಣುತ್ತಿದ್ದರೋ! ಒಬ್ಬರು ಬೆಳ್ಳಿ ಲೋಟವನ್ನೇ ತಂದಿದ್ದರು, ಇದರಲ್ಲೇ ಹಾಲು ಕುಡೀತಿದ್ದದ್ದು ಅಂತ. ಲೋಟದ ಮೇಲೆ ಮದುವೆ ತಾರೀಖು ಕೆತ್ತಿದೆ, ಸಾವಿರದ ಒಂಬೈನೂರ ನಲವತ್ತಾರು. ನಾನು ಒಂದು ನಿಯಮ ಮಾಡಿಕೊಂಡೆ. ಅವರು ಹೆಸರು ಮಾಡಿದ ಮೇಲೆ ಹುಟ್ಟಿದ ನೆನಪಿಗೆ ಅರ್ಧ ಬೆಲೆ. ಹೇಳೋರಿಗೆ ಹೇಳೋದರಿಂದ ಹೆಮ್ಮೆ ಸಿಗೋದಾದರೆ ಅದರಲ್ಲೂ ಅರ್ಧ.

ನಮ್ಮ ಮನೇಲೂ ಒಂದು ಕಥೆ ಇತ್ತು. ಹೇಳಿದ್ದೆನಾ? ನಮ್ಮ ತಾತ, ಅಮ್ಮನ ಅಪ್ಪ, ವೆಂಕಟೇಶಯ್ಯ ಅಂತ. ಸರ್ಕಾರಿ ಗುಮಾಸ್ತರು, ಮೈಲಾಪುರದಲ್ಲಿ ಮನೆ. ಅವರ ಜಗಲಿ ಮೇಲೇ ಸೀತಾರಾಮರು ಮಲಗ್ತಿದ್ದರು, ನಮ್ಮಜ್ಜಿ ಕೈಯ ಸಾರನ್ನ ತಿಂದೇ ಫಿಲಾಸಫರ್ ಆದರು ಅಂತ. ನಾನು ಅಕ್ಷರ ಕಲಿಯೋದಕ್ಕೆ ಮುಂಚೆ ಅದನ್ನ ಕಲಿತಿದ್ದೆ. ನಿಜ ಹೇಳ್ತೀನಿ, ಬೋಂಡಾ ಬಾಯಲ್ಲಿ ಇಲ್ಲದೇ ಇದ್ದಿದ್ದರೂ ಒಪ್ಪುತ್ತಿದ್ದೆನೇನೋ. ಆಮೇಲೊಂದು ದಿನ ಅಮ್ಮ ಸೊಪ್ಪು ಬಿಡಿಸ್ತಾ, 'ನಾನು ಒಂದನೇ ಕ್ಲಾಸಿಗೆ ಸೇರಿದ್ದು ಬಳ್ಳಾರೀಲಿ, ಅಬ್ಬಾ ಆ ಬಿಸಿಲು' ಅಂದಳು. ಯಾವಾಗ ಅಮ್ಮ? 'ಅಪ್ಪನಿಗೆ ಅಲ್ಲಿಗೆ ವರ್ಗ ಆಗಿತ್ತಲ್ಲೋ. ತಂಗಿ ಹುಟ್ಟಿದ್ದೂ ಅಲ್ಲೇ. ವಾಪಸ್ಸು ಬಂದಾಗ ನಾನು ಲಂಗ ದಾವಣಿ.' ನಾನು ಲೆಕ್ಕ ಹಾಕಿದೆ. ಸೀತಾರಾಮರು ಮದರಾಸಿಗೆ ಬರೋ ಹಿಂದಿನ ವರ್ಷ ತಾತ ಬಳ್ಳಾರಿಗೆ ಹೋದರು. ಇವರು ಮದರಾಸು ಬಿಟ್ಟ ಮೇಲೆ ಅವರು ವಾಪಸ್ಸು ಬಂದರು. ಒಬ್ಬರನ್ನೊಬ್ಬರು ರೈಲಲ್ಲಿ ಕೂಡ ನೋಡಿರಲಾರರು! ಜಗಲಿ ಇತ್ತು, ಸಾರು ಇತ್ತು, ಮಲಗೋದಕ್ಕೆ ಮನುಷ್ಯನೇ ಇರಲಿಲ್ಲ.

ಹೂಂ, ನಗ್ತಿದ್ದೀರಿ. ನಾನೂ ನಕ್ಕೆ. ಅಮ್ಮನಿಗೆ ಹೇಳಿದೆನಾ? ಅವಳಿಗೆ ಎಂಬತ್ತೈದು... ಹೇಳೋಣ ಅಂತ ಇದ್ದೆ. ಅದಿರಲಿ.

ನಿಮ್ಮ ವಿಷಯಕ್ಕೆ ಬರ್ತೀನಿ. ಐವತ್ತೆರಡರಲ್ಲಿ ಸೀತಾರಾಮರು ಒಂದು ಕಾಲೇಜಲ್ಲಿ ಮಾಡಿದ ಭಾಷಣ, ಹಳೇ ಮ್ಯಾಗಜೀನಲ್ಲಿ ಅಚ್ಚಾಗಿದೆ, ಐದೂ ಪುಸ್ತಕದವರು ನೋಡೇ ಇಲ್ಲ. ಅದರಲ್ಲಿ ಅಂತಾರೆ: 'ನನಗೆ ಮದರಾಸಿನಲ್ಲಿ ಇಬ್ಬರು ಗುರುಗಳು. ಒಬ್ಬರು ಓದು ಅಂದರು, ಒಬ್ಬರು ಉಣ್ಣು ಅಂದರು. ಎರಡನೆಯವರದ್ದು ತಿರುವಲ್ಲಿಕ್ಕೇಣಿಯಲ್ಲಿ ಕಾಫಿ ಅಂಗಡಿ. ಅವರ ಹೆಸರು ಹೇಳಿದರೆ ಊರಲ್ಲಿ ನನ್ನ ತಾಯಿ ನೊಂದುಕೊಳ್ಳುತ್ತಾಳೆ.' ಯಾಕೆ ನೊಂದುಕೊಳ್ಳಬೇಕು? ಮಡಿ ಬ್ರಾಹ್ಮಣರ ಮನೆ ಹುಡುಗ, ಬೇರೆ ಜಾತಿಯವರ ಅಡುಗೆಮನೆ ಒಳಗೆ ಕೂತು ಉಂಡಿದ್ದಾನೆ. ಆಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ. ಹಾಗಾಗಿ ನಾನು ಮಠದ ಬೀದಿಯ ಬ್ರಾಹ್ಮಣರ ಹೋಟೆಲುಗಳನ್ನ ಬಿಟ್ಟೆ. ಬೇರೆಯವರನ್ನ ವಿಚಾರಿಸ್ತಾ ಹೋದೆ. ಸುಮಾರು ಕಡೆ ಕಾಫಿ ಕುಡಿದು ಹೊಟ್ಟೆ ಕೆಟ್ಟಿತೇ ವಿನಾ ಸುಳಿವು ಸಿಗಲಿಲ್ಲ. ಕೊನೆಗೆ ಅಡಯಾರಲ್ಲಿ ಸಂದೇಶ್ ಗಲ್ಲಾದಿಂದಲೇ ಅಂದರು, 'ನಮ್ಮ ಅಜ್ಜನ ಅಂಗಡಿ ತಿರುವಲ್ಲಿಕ್ಕೇಣಿಯಲ್ಲೇ ಇದ್ದದ್ದು ಮಾರಾಯ್ರೆ. ಅಮ್ಮನನ್ನ ಕೇಳಿ.'

ಬಂದೆ. ನೆನಪಿದೆಯಾ ಆವತ್ತು? ಸೀತಾರಾಮರ ಹೆಸರೇ ಎತ್ತಲಿಲ್ಲ ನಾನು. ಎತ್ತಿದರೆ ಯಾರಾದರೂ 'ಓ, ಬರ್ತಿದ್ರು' ಅಂದುಬಿಡ್ತಾರೆ. ಅಂಗಡಿಗೆ ಯಾರ್ಯಾರು ಬರ್ತಿದ್ದರು ಅಂತ ಮಾತ್ರ ಕೇಳಿದೆ. ನೀವು ಮೀನು ಮಾರ್ಕೆಟಿನ ದಲ್ಲಾಳಿ ವಿಷಯ ಹೇಳಿದಿರಿ, ಪೊಲೀಸಿನವನ ವಿಷಯ ಹೇಳಿದಿರಿ. ಆಮೇಲೆ ನೀವಾಗಿಯೇ, 'ಮೈಸೂರು ಕಡೆಯ ಇಬ್ಬರು ಹುಡುಗರು ಇದ್ರು, ಒಬ್ಬನಿಗೆ ಅಪ್ಪ ದಿನಾ ಜಗಳ ಮಾಡಿಕೊಂಡೇ ಬಡಿಸ್ತಿದ್ರು' ಅಂದಿರಿ. ಏನು ಜಗಳ? 'ಹಿಟ್ಟು ಹುಳಿ ಬಂದಿದೆ ಅಂತ ನಿಂಗೆ ಹೇಗೆ ಗೊತ್ತು? ಮೂಸಿ ನೋಡಿದ್ಯೋ, ನಿನ್ನೆ ಬಂದಿತ್ತು ಇವತ್ತೂ ಬಂದಿರ್ತದೆ ಅಂತಲೋ? ಹೇಳು, ಹೇಳಿದ್ಮೇಲೆ ಇಡ್ಲಿ.'

ಅಬ್ಬಾ ವಿಮಲಮ್ಮ! ಸೀತಾರಾಮರ ಇಂಗ್ಲಿಷ್ ಪುಸ್ತಕದ ಮೂರನೇ ಅಧ್ಯಾಯ ಶುರುವಾಗೋದೇ ಆ ಹಿಟ್ಟಿನಿಂದ. ಕಂಡು ತಿಳಿಯೋದು ಬೇರೆ, ಅಭ್ಯಾಸದಿಂದ ತಿಳಿದೆ ಅನ್ಕೊಳ್ಳೋದು ಬೇರೆ ಅಂತ. ಪಂಡಿತರು ಅದಕ್ಕೆ ಗ್ರೀಸು, ಜರ್ಮನಿ ಎಲ್ಲ ಕಡೆ ಬೇರು ಹುಡುಕಿದ್ದಾರೆ. ನೀವೋ ಆ ಪುಸ್ತಕ ಕಂಡವರೂ ಅಲ್ಲ. ಪುಸ್ತಕದ ಸುದ್ದಿ ನಿಮಗೆ ಗೊತ್ತಿಲ್ಲ, ಅಂಗಡಿಯ ಸುದ್ದಿ ಪುಸ್ತಕದಲ್ಲಿಲ್ಲ, ಎರಡೂ ಒಂದೇ ಮಾತು ಹೇಳ್ತವೆ. ಅದು ಸಾಕ್ಷಿ! ಅವರಿಗೆ ನಿಮ್ಮಪ್ಪ ಐತಪ್ಪನವರು ಬರೀ ಅನ್ನ ಹಾಕಿದವರಲ್ಲ. ಪ್ರಶ್ನೆಯನ್ನೂ ಹಾಕಿದವರು. ಬಸ್ಸಲ್ಲಿ ಹೋಗ್ತಾ ನಾನು ಒಬ್ಬನೇ ನಗ್ತಿದ್ದೆ, ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಆಮೇಲೆ ನೀವು ಕೊಟ್ಟ ಆ ಕಾಲೇಜಿನ ಗ್ರೂಪ್ ಫೋಟೋ. ಕುರ್ಚೀಲಿ ಕೂತವರು ಮೇಷ್ಟ್ರುಗಳು, ಹಿಂದೆ ನಿಂತವರು ಕೊನೇ ವರ್ಷದವರು, ರಟ್ಟಿನ ಮೇಲೆ ಹೆಸರು ಅಚ್ಚಾಗಿದೆ. ಸೀತಾರಾಮರ ಭುಜಕ್ಕೆ ಕೈ ಹಾಕಿ ನಿಂತವನು ಅಪ್ಪಾಜಿ. ಆ ಎರಡನೇ ಹುಡುಗ! ಪಾಸಾದವರ ಪಟ್ಟಿಯಲ್ಲಿ ಇಲ್ಲ. ಟೈಫಾಯ್ಡಲ್ಲಿ ಹೋದ ಅಂತ ನೀವೇ ಹೇಳಿದಿರಿ, ನಿಮ್ಮಮ್ಮ ಗಂಜಿ ಮಾಡಿ ಕಳಿಸ್ತಿದ್ದರಂತೆ. ಸೀತಾರಾಮರ ಪುಸ್ತಕದ ತುಂಬ 'ನನ್ನ ಗೆಳೆಯನೊಬ್ಬ ಕೇಳಿದ', 'ನನ್ನ ಗೆಳೆಯ ಒಪ್ಪಲಾರ' ಅಂತ ಬರುತ್ತಲ್ಲ, ಅದು ಬರಹದ ವರಸೆ ಅಂದುಕೊಂಡಿದ್ದರು ಎಲ್ಲರೂ. ಇಪ್ಪತ್ತೆರಡಕ್ಕೆ ಸತ್ತವನಿಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ, ನಮ್ಮ ಮನೆಗೆ ಬೆಳ್ಳಿ ಲೋಟ ತರೋರೂ ಇಲ್ಲ. ಅಪ್ಪಾಜಿಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೀನಿ. ಮಂಜುನಾಥ ರಾಯರಿಗೆ ಒಂದು. ಅದರಲ್ಲಿ ಮಾತ್ರ ನನಗೆ...

ಏನದು, ಕನ್ನಡಕ ಯಾಕೆ? ಬೇಡ, ತೊಂದರೆ ತಗೋಬೇಡಿ. ಏನಂದೆ ವೀಕ್ಷಾ? ಪಾಟಿಕ್ಕು... ಅಜ್ಜಿಗೆ ಆಪರೇಷನ್ನಾ? ಎರಡು ಕಣ್ಣಿಗೂನಾ? ಯಾವಾಗ? ಪೋನ ಮಾಸಮಾ... ಹೋದ ತಿಂಗಳೇನಾ? ಹೋ. ಬಹಳ ಒಳ್ಳೇದಾಯ್ತು. ಎಲ್ಲ ಚೆನ್ನಾಗಿ ಕಾಣುತ್ತಾ? ಸಣ್ಣ ಅಕ್ಷರ ಕೂಡ? ಒಳ್ಳೇದು... ಒಳ್ಳೇದಾಯ್ತು ಬಿಡಿ. ನನಗೆ ಹೇಳಲೇ ಇಲ್ಲ ನೀವು. ಹೌದು, ನಾನು ಬರಲೂ ಇಲ್ಲ. ಪ್ರೆಸ್ಸು, ಪ್ರೂಫು...

ಆಪರೇಷನ್ ಆದ ಕಣ್ಣಿಗೆ ಆಯಾಸ ಮಾಡಬಾರದು ವಿಮಲಮ್ಮ. ಮೊದಲು ಫೋಟೋ ನೋಡಿ, ಮಧ್ಯದಲ್ಲಿದೆ. ನೋಡಿ, ಎಷ್ಟು ಚೆನ್ನಾಗಿ ಬಂದಿದೆ! ಕೆಳಗೆ 'ಶ್ರೀಮತಿ ವಿಮಲಾ ಅವರ ಕೃಪೆ' ಅಂತ ಹಾಕಿಸಿದ್ದೀನಿ. ಪರಿವಿಡಿ ಬೇಡ. ಪರಿವಿಡಿಯಲ್ಲಿ ಪುಟಗಳ ನಂಬರು ಸರಿಯಿಲ್ಲ, ಪ್ರೆಸ್ಸಿನವರು ಹಾಳು ಮಾಡಿದರು. ಮೂರನೇ ಅಧ್ಯಾಯ... ಅದೇನು ಮಹಾ ಇಲ್ಲ ಬಿಡಿ, ಅಪ್ಪಾಜಿಯ ಅಧ್ಯಾಯ ಓದಿ. 'ಆಶ್ರಯದಾತರು', ಹೌದು, ಅದೇ ಹೆಸರು. ಆ ಪುಟದಲ್ಲಿ ಇಂಕು ತೆಳುವಾಗಿದೆ...

ನಿಮ್ಮಪ್ಪನ ಹೆಸರು ಹಿಂದಿನ ಪುಟದಲ್ಲಿಲ್ಲ. ಮುಂದಿನದ್ದರಲ್ಲೂ ಇಲ್ಲ. ಅಷ್ಟೇ ಅಧ್ಯಾಯ, ಎರಡು ಪುಟ.



ಹೌದು, ವೆಂಕಟೇಶಯ್ಯ ಅಂತಲೇ ಇದೆ. ನಮ್ಮ ತಾತನೇ. ಬಳ್ಳಾರಿಯವರೇ! ಬಳ್ಳಾರೀಲಿ ಕೂತು ಮೈಲಾಪುರದ ಜಗಲೀಲಿ ಹಾಸಿಗೆ ಹಾಸಿದ ಮಹಾನುಭಾವರು... ನಗಿ. ಇದಕ್ಕೂ ನಗಿ. ಆಗಲೆಲ್ಲ ನಕ್ಕಿರಲ್ಲ.

ನಾನು ಬರೆದಿದ್ದೆ ವಿಮಲಮ್ಮ. ಆಣೆ ಮಾಡ್ತೀನಿ. ಹದಿನೆಂಟು ಪುಟ ನಿಮ್ಮಪ್ಪನ ಬಗ್ಗೆ ಬರೆದಿದ್ದೆ. ಪ್ರೂಫು ಮನೆಗೆ ತಂದಿದ್ದೆ. ಅಮ್ಮನಿಗೆ ಓದಕ್ಕಾಗಲ್ಲ, ದಿನಾ ಸಾಯಂಕಾಲ ಪಕ್ಕ ಬಂದು ಕೂತು ಕೇಳ್ತಾಳೆ, 'ನನ್ನಪ್ಪನ ಹೆಸರು ಬಂತೇನೋ ಶಿವು?' ಅಂತ. ಬರುತ್ತೆ ಅಮ್ಮ, ಬರುತ್ತೆ ಅಂದೆ. ಸುಮ್ಮನೆ ಅಂದದ್ದು. ಮಾರನೇ ದಿನ ಪಕ್ಕದ ಮನೆಯವರಿಗೆ ಹೇಳಿದಳು. ಬೆಂಗಳೂರಿಗೆ ತಂಗಿಗೆ ಫೋನ್ ಮಾಡಿ ಹೇಳಿದಳು. ಟ್ರಂಕಿನಿಂದ ರೇಷ್ಮೆ ಸೀರೆ ತೆಗೆಸಿ ಬಿಸಿಲಿಗೆ ಹಾಕಿಸಿದಳು, ಸಮಾರಂಭಕ್ಕೆ ಅಂತ. ಆ ಸೀರೆ ತಂತಿ ಮೇಲೆ ಒಣಗ್ತಾ ಇದೆ... ನಾನೇನು ಮಾಡಲಿ? ಇಬ್ಬರ ಹೆಸರೂ ಹಾಕೋಣ ಅಂತ ಮೊದಲು ಯೋಚನೆ ಮಾಡಿದೆ. ಹಿಟ್ಟಿನ ಮಾತು, ಭಾಷಣದ ಮಾತು, ವರ್ಷಗಳು ಎಲ್ಲ ಹಾಕಿದರೆ ಪಕ್ಕದಲ್ಲಿ ತಾತ ನಿಲ್ಲೋದೇ ಇಲ್ಲ, ಸಣ್ಣ ಮಗುವೂ ಕಂಡುಹಿಡಿಯುತ್ತೆ. ತಾತ ನಿಲ್ಲಬೇಕಾದರೆ ಅವೆಲ್ಲ ಹೋಗಬೇಕಿತ್ತು. ಒಂದು ತೆಗೆದೆ, ಇನ್ನೊಂದು ತೆಗೆದೆ... ಎರಡು ಪುಟ ಉಳಿಯಿತು.

ನಿನ್ನೆ ಅಮ್ಮ ಮುಂದಿನ ಸಾಲಲ್ಲಿ ಕೂತಿದ್ದಳು. ಅಧ್ಯಕ್ಷರು ಆ ಸಾಲು ಓದಿದರು. ಅವಳು ಪಕ್ಕದವರ ಕೈ ಹಿಡಿದುಕೊಂಡಳು, ಯಾರದ್ದೋ ಏನೋ, ಗುರುತಿಲ್ಲದವರ ಕೈ. ಅದನ್ನ ನೋಡಿ ನಾನು... ನಿಮ್ಮ ಕುರ್ಚಿ ಅವಳ ಪಕ್ಕದಲ್ಲೇ ಇಟ್ಟಿದ್ದೆ ವಿಮಲಮ್ಮ, ಮೊದಲು. ಆಮೇಲೆ ನಾನೇ ತೆಗೆಸಿದೆ.

ಬೈಯಿರಿ. ಸಂದೇಶರನ್ನ ಕರೆಸಿ ಬೈಸಿ. ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು ಮತ್ತೆ ಆ ಪುಟಕ್ಕೇ ಯಾಕೆ ಹೋಗ್ತೀರಿ?

ಏನು? ಬೆರಳು... ಆ ಸಾಲಾ? ನಿಮಗೆ ಕಾಣ್ತಿದೆಯಲ್ಲ, ಮತ್ತೆ ನಾನ್ಯಾಕೆ... ನಾನೇ ಓದಬೇಕಾ? ಜೋರಾಗಿ?

'ಸೀತಾರಾಮರಿಗೆ ಮದರಾಸಿನಲ್ಲಿ ಅನ್ನವಿಕ್ಕಿ ಸಲಹಿದವರು ಮೈಲಾಪುರದ ಶ್ರೀ ವೆಂಕಟೇಶಯ್ಯನವರು...' ಮುಗೀಲಿಲ್ಲ, ಇನ್ನೂ ಒಂದು ಪದ ಇದೆ. ಓದ್ತೀನಿ. ಹಾಗೆ ನೋಡಬೇಡಿ, ಓದ್ತೀನಿ.

'...ಮುಂತಾದವರು.'

ಅದರಲ್ಲಿದ್ದಾರೆ ವಿಮಲಮ್ಮ. ನಿಮ್ಮಪ್ಪ ಅದರಲ್ಲಿದ್ದಾರೆ.